ತಡವಾದ ಫ್ಲ್ಯಾಟಿಗೆ ತಿಂಗಳ ಬಡ್ಡಿ

ಫ್ಲ್ಯಾಟ್ ಕೈಸೇರುವುದು ತಡವಾದರೆ ಬಿಲ್ಡರ್‌ಗೆ ಬರೆಯುವ ದೂರು ಒಂದು ತಾರೀಖಿನ ಮೇಲೆ ನಿಲ್ಲುತ್ತದೆ. ಅದು ನೋಂದಾಯಿತ ಮಾರಾಟ ಕರಾರಿನಲ್ಲಿ ನಮೂದಾಗಿರುವ ಸ್ವಾಧೀನದ ದಿನ. ಬಹುತೇಕ ಕರಾರುಗಳಲ್ಲಿ ಅದರ ಬೆನ್ನಿಗೇ ಇನ್ನಾರು ತಿಂಗಳ ರಿಯಾಯಿತಿ ಅವಧಿ ಇರುತ್ತದೆ. ಅದೂ ಮುಗಿದ ಮರುದಿನದಿಂದ ಲೆಕ್ಕ ಶುರು. ‘ಯುಗಾದಿಗೆ ಗೃಹಪ್ರವೇಶ ಮಾಡಿಬಿಡಿ ಸಾರ್’ ಎಂದು ಸೈಟ್ ಆಫೀಸಿನವರು ಹೇಳಿದ ಮಾತು ಆ ತಾರೀಖನ್ನು ಮುಂದಕ್ಕೆ ಹಾಕುವುದಿಲ್ಲ.

ಪರಿಹಾರ ಕೇಳಿದ ಕೂಡಲೇ ಬಿಲ್ಡರ್ ತೋರಿಸುವುದು ಕರಾರಿನ ಇನ್ನೊಂದು ಷರತ್ತನ್ನು: ತಡವಾದರೆ ತಿಂಗಳಿಗೆ ಚದರಡಿಗೆ ಐದು ರೂಪಾಯಿ, ಅಷ್ಟೇ. ಈ ಐದು ರೂಪಾಯಿ ಎಷ್ಟು ಅಲ್ಪವೆಂದು ಒಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. 1,200 ಚದರಡಿಯ ಫ್ಲ್ಯಾಟಿಗೆ ಒಬ್ಬರು 60 ಲಕ್ಷ ರೂಪಾಯಿ ಕಟ್ಟಿದ್ದಾರೆ, ಮನೆ 14 ತಿಂಗಳು ತಡವಾಗಿದೆ ಎಂದುಕೊಳ್ಳೋಣ. ಷರತ್ತಿನ ಪ್ರಕಾರ ತಿಂಗಳಿಗೆ ಸಿಗುವುದು 6,000 ರೂಪಾಯಿ. ಬಾಡಿಗೆ ಮನೆಯಲ್ಲಿದ್ದುಕೊಂಡೇ ಗೃಹಸಾಲದ ಕಂತನ್ನೂ ಕಟ್ಟುತ್ತಿರುವ ಕುಟುಂಬಕ್ಕೆ ಅದು ಯಾವ ಮೂಲೆಗೂ ಸಾಲದು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಇದನ್ನು ಬೇರೆ ಬಗೆಯಲ್ಲಿ ನೋಡುತ್ತದೆ. ಅದರ 18ನೇ ಸೆಕ್ಷನ್ ಪ್ರಕಾರ ಕೊಂಡವರು ಹಣವನ್ನೆಲ್ಲ ಬಡ್ಡಿಸಮೇತ ವಾಪಸ್ ಪಡೆದು ಹೊರಬರಬಹುದು. ಮನೆಯೇ ಬೇಕೆಂದರೆ, ಸ್ವಾಧೀನ ಸಿಗುವವರೆಗಿನ ಪ್ರತಿ ತಿಂಗಳಿಗೂ ಕಟ್ಟಿದ ಹಣದ ಮೇಲೆ ಬಡ್ಡಿ ಪಡೆಯಬಹುದು. ಕರ್ನಾಟಕದ ನಿಯಮದಲ್ಲಿ ಆ ದರ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್‌ಗಿಂತ ಶೇ. 2 ಜಾಸ್ತಿ. ಎಂಸಿಎಲ್‌ಆರ್ ಶೇ. 9 ಇದೆಯೆಂದಿಟ್ಟುಕೊಂಡರೆ ಒಟ್ಟು ಶೇ. 11, ತಿಂಗಳಿಗೆ 55,000, ಹದಿನಾಲ್ಕು ತಿಂಗಳಿಗೆ 7,70,000 ರೂಪಾಯಿ. ಷರತ್ತನ್ನು ನಂಬಿ ಕೂತರೆ ಕೈಗೆ ಬರುವುದು 84,000 ಮಾತ್ರ.

ಕರಾರಿಗೆ ಸಹಿ ಹಾಕಿದ ಮೇಲೆ ಮುಗಿಯಿತು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಬೆಂಗಳೂರಿನ ಬೇಗೂರಿನದೇ ಒಂದು ಪ್ರಕರಣದಲ್ಲಿ ತಳ್ಳಿಹಾಕಿದೆ. ಡಿಎಲ್‌ಎಫ್ ಸದರ್ನ್ ಹೋಮ್ಸ್‌ನ ಆ ಯೋಜನೆಯಲ್ಲಿ ಕರಾರಿನಂತೆ 36 ತಿಂಗಳಲ್ಲಿ ಮನೆ ಸಿಗಬೇಕಿತ್ತು, ಸಿಗಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ ದೂರನ್ನು ವಜಾ ಮಾಡಿತ್ತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿ, ಚದರಡಿಗೆ ಐದು ರೂಪಾಯಿಯ ಜೊತೆಗೆ, ಕಟ್ಟಿದ ಹಣದ ಮೇಲೆ ವರ್ಷಕ್ಕೆ ಶೇ. 6ರ ಸರಳ ಬಡ್ಡಿಯನ್ನೂ ಕೊಡಿಸಿತು. ಕ್ರಯಪತ್ರ ಮಾಡಿಸಿಕೊಂಡವರು ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ ಎಂದೂ ಹೇಳಿತು. ಆದರೆ ಬಿಲ್ಡರ್ ಜೊತೆ ರಾಜಿಯಾಗಿದ್ದವರಿಗೆ ಈ ಬಡ್ಡಿ ಸಿಗಲಿಲ್ಲ. ಬೀಗದ ಕೈ ಕೊಡುವ ದಿನ ಮೇಜಿನ ಮೇಲೆ ಸರಿಸುವ ಹಾಳೆಗಳನ್ನು ಓದಬೇಕಾದದ್ದು ಇದಕ್ಕೇ. ‘ನನ್ನ ಯಾವ ಬಾಕಿಯೂ ಇಲ್ಲ’ ಎಂಬ ಸಾಲು ಅದರಲ್ಲಿ ಎಲ್ಲೋ ಅಡಗಿರುತ್ತದೆ. ಆ ಸಾಲನ್ನು ಹೊಡೆದುಹಾಕಿ, ವಿಳಂಬದ ಬಡ್ಡಿಯ ಹಕ್ಕು ಕಾಯ್ದಿರಿಸಿದೆ ಎಂದು ಬರೆದು ಸಹಿ ಮಾಡುವುದು ಕ್ಷೇಮ.

ಬೀಗದ ಕೈ ಸಿಕ್ಕಿತೆಂದರೆ ಸ್ವಾಧೀನ ಸಿಕ್ಕಿತೆಂದೂ ಅಲ್ಲ. ಪಾಲಿಕೆ ಅಥವಾ ಯೋಜನಾ ಪ್ರಾಧಿಕಾರ ಕೊಡುವ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಇಲ್ಲದ ಕಟ್ಟಡಕ್ಕೆ ‘ಬಂದು ಸೇರಿಕೊಳ್ಳಿ’ ಎಂಬ ಪತ್ರ ಕಳಿಸಿ ಬಡ್ಡಿಯ ಲೆಕ್ಕ ನಿಲ್ಲಿಸಲು ಬಿಲ್ಡರ್‌ಗಳು ನೋಡುತ್ತಾರೆ. ಅಂಥ ಪತ್ರಕ್ಕೆ ಓಸಿಯ ಪ್ರತಿ ಕೇಳಿ ಬರಹದಲ್ಲೇ ಉತ್ತರ ಕೊಡಬೇಕು. ಕೂಲಿಯಾಳು ಸಿಗಲಿಲ್ಲ, ಮರಳು ಸಿಗಲಿಲ್ಲ ಎಂಬ ಸಮಜಾಯಿಷಿಗಳೂ ಬರುತ್ತವೆ. ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪದಂಥ ಪ್ರಕೃತಿ ವಿಕೋಪಗಳೇ ಕಾಯ್ದೆ ಹೇಳುವ ಅನಿವಾರ್ಯ ಕಾರಣಗಳು. ಮರಳು ಆ ಪಟ್ಟಿಯಲ್ಲಿಲ್ಲ.

ಪತ್ರ ಒಂದು ಪುಟ ಇದ್ದರೆ ಸಾಕು. ಕರಾರಿನ ತಾರೀಖು, ಸ್ವಾಧೀನದ ಷರತ್ತಿನ ಸಂಖ್ಯೆ, ಕಟ್ಟಿದ ಪ್ರತಿ ಕಂತಿನ ದಿನ ಮತ್ತು ಮೊತ್ತ, ಇವತ್ತಿನವರೆಗಿನ ಬಡ್ಡಿ, ಹದಿನೈದು ದಿನದ ಗಡುವು. ಗಡುವು ದಾಟಿದ ಮೇಲೆ ಕಟ್ಟಿದ ಕಂತಿಗೆ ಬಡ್ಡಿಯನ್ನು ಅದು ಕಟ್ಟಿದ ದಿನದಿಂದಷ್ಟೇ ಹಿಡಿಯಬೇಕು. ಇಲ್ಲಿ ಉತ್ಪ್ರೇಕ್ಷೆ ಮಾಡಿದರೆ ಇಡೀ ಲೆಕ್ಕದ ಮೇಲೆಯೇ ಅನುಮಾನ ಹುಟ್ಟುತ್ತದೆ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಲಿಫ್ಟ್ ಕೂರದ ಖಾಲಿ ಗುಂಡಿ, ನಲ್ಲಿ ಇಲ್ಲದ ಅಡುಗೆಮನೆಯ ಫೋಟೋಗಳನ್ನು ತಾರೀಖಿನೊಂದಿಗೆ ತೆಗೆದಿಟ್ಟರೆ ಮುಂದೆ ಸಾಕ್ಷಿಯಾಗುತ್ತವೆ.

ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ಕರ್ನಾಟಕ ರೇರಾ ಪ್ರಾಧಿಕಾರ. ಹಣ ವಾಪಸಾತಿ ಮತ್ತು ವಿಳಂಬದ ಬಡ್ಡಿಯನ್ನು ಪ್ರಾಧಿಕಾರವೇ ತೀರ್ಮಾನಿಸುತ್ತದೆ. ಮಾನಸಿಕ ಹಿಂಸೆಯಂಥ ಬಾಬತ್ತುಗಳ ಪರಿಹಾರವನ್ನು ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಬೇರೆಯಾಗಿ ಕೇಳಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ತಿಂಗಳುಗಳು ವ್ಯರ್ಥ. ಆದೇಶದ ವಿರುದ್ಧ ಬಿಲ್ಡರ್ ಮೇಲ್ಮನವಿ ಹೋಗಬೇಕಾದರೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಆದೇಶದ ನಂತರವೂ ಹಣ ಕೊಡದವರಿಂದ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಪ್ರಾಧಿಕಾರ ಕಂದಾಯ ಇಲಾಖೆಗೆ ಬರೆಯುತ್ತದೆ. ನೊಂದವರು ಹೆಚ್ಚು ಕಾಯುವುದು ಈ ಹಂತದಲ್ಲೇ. ಬಿಲ್ಡರ್ ಹೆಸರಿನ ಜಮೀನಿನ ಸರ್ವೆ ನಂಬರ್, ಮಾರಾಟವಾಗದೆ ಉಳಿದ ಫ್ಲ್ಯಾಟುಗಳ ವಿವರ ಕೊಂಡವರ ಕೈಯಲ್ಲೇ ಇದ್ದರೆ ತಹಶೀಲ್ದಾರರು ಜಪ್ತಿಗೆ ಹುಡುಕಾಡಬೇಕಾದ್ದು ಅಷ್ಟು ಕಡಿಮೆಯಾಗುತ್ತದೆ.