ನಿಧನ ವಾರ್ತೆಯ ಕನ್ನಡ

ಅಮೆರಿಕದಲ್ಲಿರುವ ಮಗ ತಂದೆಯ ಸಾವಿನ ವಿವರವನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾನೆ ಎಂದುಕೊಳ್ಳಿ. ನಾಳೆಯ ಪತ್ರಿಕೆಗೆ ಅದು ಕನ್ನಡದಲ್ಲಿ ಬೇಕು. ಪತ್ನಿ, ಇಬ್ಬರು ಮಕ್ಕಳು 'ಸರ್ವೈವ್ಡ್ ಬೈ' ಎಂಬ ಸಾಲಿನಲ್ಲಿದ್ದಾರೆ. ಅವರು 'ಬದುಕುಳಿದಿದ್ದಾರೆ' ಎಂದು ಬರೆದರೆ ಎಲ್ಲರೂ ಅಪಘಾತಕ್ಕೆ ಸಿಕ್ಕಿದ್ದರೇನೋ ಎನಿಸುತ್ತದೆ. ಕನ್ನಡದಲ್ಲಿ ವಾಕ್ಯದ ಕರ್ತೃ ಮೃತರೇ: 'ಪತ್ನಿ, ಪುತ್ರ, ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.'

ನಂಟಿನ ಹೆಸರುಗಳಲ್ಲಿ ಊಹೆ ಸಲ್ಲದು. 'ಬ್ರದರ್ ಇನ್ ಲಾ' ಭಾವನೋ, ಮೈದುನನೋ, ಷಡ್ಡಕನೋ? ಫೋನ್ ಮಾಡಿ ಕೇಳಲೇಬೇಕು. ತಪ್ಪಿದರೆ ಆ ನೋವು ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ತಾರೀಖು ಇನ್ನೊಂದು ತೊಡಕು. 03/08 ಎಂದರೆ ಅಮೆರಿಕದವರಿಗೆ ಮಾರ್ಚ್ 8, ನಮಗೆ ಆಗಸ್ಟ್ 3. ತಿಂಗಳನ್ನು ಅಕ್ಷರದಲ್ಲಿ ಬರೆದು ವಾರದ ಹೆಸರನ್ನೂ ಸೇರಿಸಿದರೆ ಗೊಂದಲವಿಲ್ಲ. ಸಾವು ಅಲ್ಲೇ ಆಗಿದ್ದರೆ ಅಲ್ಲಿನ ದಿನವನ್ನೇ ಇಟ್ಟು ಊರನ್ನೂ ಹೆಸರಿಸಬೇಕು, ಏಕೆಂದರೆ ಅಲ್ಲಿ ರಾತ್ರಿಯಾಗಿದ್ದಾಗ ಇಲ್ಲಿ ಮರುದಿನ ಬೆಳಗಾಗಿರುತ್ತದೆ.

ಕ್ರಿಯಾಪದವನ್ನು ಮನೆಯವರೇ ಆರಿಸಲಿ. ಲಿಂಗಾಯತರ ಮನೆಗೆ 'ಲಿಂಗೈಕ್ಯರಾದರು' ಸಹಜ. ವೈಷ್ಣವರ ಮನೆಯಲ್ಲಿ ವೈಕುಂಠ ಸಮಾರಾಧನೆಯ ದಿನವನ್ನು ಸೇರಿಸುವುದುಂಟು. ಮೃತರ ನಂಬಿಕೆ ತಿಳಿಯದಿದ್ದರೆ 'ನಿಧನರಾದರು' ಎಂಬುದೇ ಯಾರನ್ನೂ ನೋಯಿಸದ, ಗೌರವದ ಮಾತು. ಬಹುವಚನ ಮಾತ್ರ ಮೊದಲಿನಿಂದ ಕೊನೆವರೆಗೆ ತಪ್ಪಬಾರದು. 'ಅವರು' ಎಂದು ಶುರುವಾದದ್ದು ನಡುವೆ 'ಸೇವೆ ಸಲ್ಲಿಸಿದ್ದ' ಎಂದು ಏಕವಚನಕ್ಕೆ ಜಾರುವುದು ಅವಸರದ ಅನುವಾದದಲ್ಲಿ ಸಾಮಾನ್ಯ. ಅಚ್ಚಿಗೆ ಕೊಡುವ ಮುನ್ನ ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದರೆ ಇಂಥ ಜಾರುವಿಕೆ ಕಿವಿಗೆ ತಟ್ಟನೆ ಸಿಗುತ್ತದೆ.