ಸ್ವಂತ ಹೆಸರಿಗೇ ತಡೆಯುವ ಮಾತು

ಉಗ್ಗು ಇರುವವರನ್ನು ಕೇಳಿ ನೋಡಿ. ಹೇಳಲು ಯಾವ ಮಾತು ತುಂಬ ಕಷ್ಟ ಎಂದರೆ ಅನೇಕರು ಕೊಡುವ ಉತ್ತರ ಒಂದೇ: ತಮ್ಮ ಹೆಸರು. ಗೆಳೆಯರ ಜತೆ ಗಂಟೆಗಟ್ಟಲೆ ಹರಟುವ ಹುಡುಗ, ಸಂತೆಯಲ್ಲಿ ಚೌಕಾಸಿ ಮಾಡಿ ಗೆದ್ದು ಬರುವ ಹುಡುಗಿ ಕೂಡ ಸಂದರ್ಶನದ ಕೊಠಡಿಯಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದ ಕೂಡಲೇ ಮೊದಲ ಪದಕ್ಕೇ ಸಿಕ್ಕಿಕೊಳ್ಳುತ್ತಾರೆ. ಕೇಳುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಸ್ವಂತ ಹೆಸರು ಹೇಳಲು ಯೋಚನೆ ಏಕೆ ಎಂದು ಯಾರಾದರೂ ನಕ್ಕುಬಿಡುತ್ತಾರೆ.

ಇದಕ್ಕೆ ಕಾರಣವಿದೆ. ಯಾವ ಪದದಲ್ಲಿ ಮಾತು ತಡೆಯಲಿದೆ ಎಂಬುದು ಉಗ್ಗುವವರಿಗೆ ಎಷ್ಟೋ ಸಲ ಒಂದೆರಡು ಪದ ಮುಂಚೆಯೇ ಗೊತ್ತಾಗುತ್ತದೆ. ಸಾಮಾನ್ಯ ಮಾತುಕತೆಯಲ್ಲಾದರೆ ಆ ಪದವನ್ನು ಕೈಬಿಟ್ಟು ಇನ್ನೊಂದನ್ನು ಹಾಕಿ ಮುಂದೆ ಹೋಗುತ್ತಾರೆ. ಎದುರಿಗಿದ್ದವರಿಗೆ ಅದು ತಿಳಿಯುವುದೂ ಇಲ್ಲ. ಹೆಸರಿಗೆ ಮಾತ್ರ ಬದಲಿ ಪದವಿಲ್ಲ. ಅದು ಬರುವುದೂ ಮಾತಿನ ಆರಂಭದಲ್ಲಿ, ಉಗ್ಗು ಹೆಚ್ಚಾಗಿ ಕಾಡುವ ಜಾಗದಲ್ಲಿ. ತರಬೇತಿ ಶಿಬಿರಗಳಲ್ಲಿ ಸಾಲಾಗಿ ಕೂರಿಸಿ ಒಬ್ಬೊಬ್ಬರಾಗಿ ಪರಿಚಯ ಹೇಳಿಸುತ್ತಾರಲ್ಲ, ಅಲ್ಲಿ ಸರದಿ ಹತ್ತಿರ ಬಂದಂತೆಲ್ಲ ಗಂಟಲು ಬಿಗಿಯುತ್ತದೆ. ತಮಗಿಂತ ಮೊದಲು ಮಾತಾಡಿದ ಹತ್ತು ಜನ ಏನು ಹೇಳಿದರು ಎಂಬುದು ಅವರ ಕಿವಿಗೆ ಬಿದ್ದೇ ಇರುವುದಿಲ್ಲ.

ಉಗ್ಗು ಧೈರ್ಯದ ಕೊರತೆಯಲ್ಲ. ಮಾತಿಗೆ ಬೇಕಾದ ಉಸಿರು, ಸ್ವರತಂತು, ನಾಲಿಗೆ, ತುಟಿಗಳ ಚಲನೆಯನ್ನು ಮಿದುಳು ಹೊತ್ತಿಗೆ ಸರಿಯಾಗಿ ಹೊಂದಿಸುವಲ್ಲಿ ಆಗುವ ತೊಡಕು ಅದು. ಬಹುಪಾಲು ಎಳವೆಯಲ್ಲೇ ಶುರುವಾಗುತ್ತದೆ, ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 1 ಮಂದಿಯಲ್ಲಿ ಉಳಿಯುತ್ತದೆ. ಭಯ ಇದನ್ನು ಹುಟ್ಟಿಸುವುದಿಲ್ಲ, ಆದರೆ ಹೆಚ್ಚಿಸುತ್ತದೆ.

ಹಾಗಾದರೆ ಪರಿಚಯದ ಆ ಅರ್ಧ ನಿಮಿಷವನ್ನು ಹೇಗೆ ದಾಟುವುದು? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗನ ಹೆಸರು ಪ್ರಕಾಶ್, ಊರು ಕಡೂರು, ಓದಿದ್ದು ಬಿ.ಕಾಂ., ತಂದೆಯದು ಕೃಷಿ, ತಾಯಿ ಅಂಗನವಾಡಿ ಕಾರ್ಯಕರ್ತೆ. ಅವನಿಗೆ ತಡೆಯುವ ಅಕ್ಷರಗಳು ಪ, ಬ ಮತ್ತು ಕ. ಮೂರರಲ್ಲೂ ತುಟಿಯೋ ನಾಲಿಗೆಯೋ ಗಾಳಿಯ ದಾರಿಯನ್ನು ಒಂದು ಗಳಿಗೆ ಪೂರ್ತಿ ಮುಚ್ಚಿ ಬಿಡಬೇಕು. ಉಗ್ಗುವವನಲ್ಲಿ ಮುಚ್ಚಿದ್ದು ಬಿಡುವುದಿಲ್ಲ. ಯಾರೋ ಬರೆದುಕೊಟ್ಟ ಪರಿಚಯ ಹೀಗಿದೆ: "ಪ್ರಕಾಶ್ ಅಂತ ಸರ್. ಕಡೂರಿನವನು. ಬಿ.ಕಾಂ. ಮಾಡಿದ್ದೇನೆ. ತಂದೆ ಕೃಷಿಕರು, ತಾಯಿ ಅಂಗನವಾಡಿ ಕಾರ್ಯಕರ್ತೆ." ಚಿಕ್ಕದು, ಚೊಕ್ಕದು. ಆದರೆ ಮೊದಲ ಮೂರು ವಾಕ್ಯಗಳೂ ಅವನು ಹೆದರುವ ಅಕ್ಷರದಿಂದಲೇ ಆರಂಭವಾಗುತ್ತವೆ.

ಮೊದಲು ಮಾಡಬೇಕಾದದ್ದು ಪದ ಬದಲಿಸುವುದಲ್ಲ, ಪದದ ಜಾಗ ಬದಲಿಸುವುದು. ಇಲ್ಲಿ ಕನ್ನಡ ದೊಡ್ಡ ನೆರವು ಕೊಡುತ್ತದೆ. ನಮ್ಮ ವಾಕ್ಯದಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ. ಜತೆಗೆ ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. "ನಮ್ಮೂರು ಕಡೂರು" ಎನ್ನುವಾಗ "ರು"ವಿನ ಕೊನೆಯ ಉಕಾರವನ್ನು ಕೊಂಚ ಎಳೆದು, ಧ್ವನಿಗೂ "ಕ"ಕ್ಕೂ ನಡುವೆ ಬಿರುಕು ಬಿಡದೆ ಜಾರಿಸಿಬಿಡಬಹುದು. ಒಂಟಿಯಾಗಿ ಮೊದಲಲ್ಲಿ ನಿಂತ "ಕ"ಕ್ಕಿಂತ ಹರಿಯುತ್ತಿರುವ ದನಿಯ ಬೆನ್ನಿಗೆ ಬರುವ "ಕ" ಸುಲಭ. ಹಾಗಾಗಿ ವಾಕ್ಯದ ಆರಂಭಕ್ಕೆ ಅವನಿಗೆ ತಡೆಯದ ಪದ ಬರಲಿ: ನಮಸ್ಕಾರ, ನನ್ನ, ನಮ್ಮೂರು, ಓದಿದ್ದು, ಇಷ್ಟ. ಯಾವುದು ಸಲೀಸು ಎಂಬುದು ಒಬ್ಬೊಬ್ಬರಿಗೆ ಒಂದೊಂದು. "ನ"ವೇ ತಡೆಯುವವರಿಗೆ ಈ ಪಟ್ಟಿ ನಿರುಪಯೋಗಿ, ಅವರು ತಮ್ಮದನ್ನು ತಾವೇ ಕಟ್ಟಿಕೊಳ್ಳಬೇಕು.

ಪದ ಬದಲಿಸುವುದು ಆಮೇಲಿನ ಹೆಜ್ಜೆ. "ತಂದೆ ಕೃಷಿಕರು" ಎನ್ನುವುದಕ್ಕೆ "ತಂದೆ ರೈತರು" ಎಂದರೆ ಏನೂ ನಷ್ಟವಿಲ್ಲ, ಇನ್ನೂ ಸಹಜವಾಯಿತು. "ಕಾರ್ಯಕರ್ತೆ" ಬೇಡ, "ತಾಯಿ ಅಂಗನವಾಡಿ ನೋಡಿಕೊಳ್ಳುತ್ತಾರೆ" ಸಾಕು. ಬಿ.ಕಾಂ. ವಿಷಯ ಮಾತ್ರ ಬೇರೆ. "ಓದಿದ್ದು ವಾಣಿಜ್ಯ" ಎಂದು ಹೇಳಬಹುದು, ಆದರೆ ಮರುಕ್ಷಣವೇ "ಅಂದ್ರೆ ಬಿ.ಕಾಂ.? ಬಿ.ಬಿ.ಎಂ.?" ಎಂಬ ಪ್ರಶ್ನೆ ಬರುತ್ತದೆ. ತಪ್ಪಿಸಿಕೊಂಡ ಪದ ಈಗ ಉತ್ತರದ ಮೊದಲ ಪದವಾಗಿ, ಇನ್ನೂ ಕಷ್ಟದ ಜಾಗದಲ್ಲಿ ಎದುರು ನಿಲ್ಲುತ್ತದೆ. ಬದಲಿ ಪದ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಇದೇ ಪರೀಕ್ಷೆ: ಕೇಳಿದವರು ತಿರುಗಿ ಪ್ರಶ್ನೆ ಹಾಕಬೇಕಾದರೆ ಆ ಬದಲಾವಣೆ ಬೇಡ. "ಓದಿದ್ದು ಬಿ.ಕಾಂ." ಎಂದು ಜಾಗ ಬದಲಿಸಿ, ಅದೇ ಪದವನ್ನು ನಿಧಾನವಾಗಿ ಹೇಳುವುದು ಮೇಲು.

ಬ್ರಿಟನ್ನಿನ ದೊರೆ 6ನೇ ಜಾರ್ಜ್‌ಗೂ ಉಗ್ಗು ಇತ್ತು. ಅವರಿಗೆ ಮಾತಿನ ಪಾಠ ಹೇಳಿಕೊಟ್ಟ ಆಸ್ಟ್ರೇಲಿಯಾದ ಲಯೊನೆಲ್ ಲೋಗ್ ಭಾಷಣದ ಪ್ರತಿಗಳ ಮೇಲೆ ಎಲ್ಲೆಲ್ಲಿ ನಿಲ್ಲಬೇಕು ಎಂದು ಗೆರೆ ಎಳೆಯುತ್ತಿದ್ದರು, ದೊರೆಗೆ ತೊಡಕಾಗಬಹುದಾದ ಪದಗಳನ್ನು ಹೊಡೆದು ಬೇರೆ ಪದ ಬರೆಯುತ್ತಿದ್ದರು. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದಾಗ ರೇಡಿಯೊದಲ್ಲಿ ಮಾಡಿದ ಭಾಷಣಕ್ಕೂ ಇದೇ ಸಿದ್ಧತೆ ನಡೆದಿತ್ತು. ಆ ದನಿಮುದ್ರಿಕೆ ಇಂದಿಗೂ ಸಿಗುತ್ತದೆ. ಕೇಳಿದರೆ ಎದ್ದು ಕಾಣುವುದು ಪದಗಳ ಆಯ್ಕೆಗಿಂತ ನಡುನಡುವಿನ ದೀರ್ಘ ನಿಲುಗಡೆ. ನನಗೂ ಪದ ಬದಲಾವಣೆಗಿಂತ ಈ ನಿಲುಗಡೆಯೇ ಹೆಚ್ಚು ನಂಬಿಕೆಯ ಉಪಾಯ ಅನಿಸುತ್ತದೆ.

ಅರ್ಥ ಮುರಿಯುವಲ್ಲಿ, ಎರಡು ಮೂರು ಪದಕ್ಕೊಮ್ಮೆ ನಿಲ್ಲಬೇಕು. "ನಮಸ್ಕಾರ" ಎಂದು ನಿಂತು, ಎದುರಿನವರ ಮುಖ ನೋಡಿ, ಆಮೇಲೆ "ನನ್ನ ಹೆಸರು ಪ್ರಕಾಶ್". ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. "ಹೆಸರು" ಎಂದ ಮೇಲೆ ನಿಂತು, ಮನಸ್ಸು ಗಟ್ಟಿ ಮಾಡಿಕೊಂಡು "ಪ್ರಕಾಶ್" ಎನ್ನಲು ಹೋಗುತ್ತಾರೆ. ಆಗ "ಪ್ರ" ಮತ್ತೆ ಒಂಟಿ ಆರಂಭದ ಪದವಾಗಿ ಬಿಗಿಯುತ್ತದೆ. ನಿಲ್ಲುವುದು "ನನ್ನ" ಎನ್ನುವ ಮುಂಚೆ. ಅಲ್ಲಿಂದ ಹೆಸರಿನವರೆಗೆ ದನಿ ಒಂದೇ ಎಳೆಯಾಗಿರಲಿ.

ಇನ್ನೊಂದು ತಪ್ಪು ಉಸಿರಿನದು. "ಉಸಿರು ಜೋರಾಗಿ ಎಳೆದುಕೊಂಡು ಮಾತಾಡು" ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎದೆ ತುಂಬ ಉಸಿರು ಹಿಡಿದಿಟ್ಟಾಗ ಗಂಟಲಿನ ಸ್ವರತಂತುಗಳು ಮುಚ್ಚಿಕೊಳ್ಳುತ್ತವೆ. ದನಿ ಹೊರಡಬೇಕಾದ ಬಾಗಿಲಿಗೇ ಬೀಗ ಹಾಕಿದಂತೆ. ಸಹಜವಾಗಿ ಬಂದಷ್ಟೇ ಉಸಿರು ತೆಗೆದುಕೊಂಡು, ಹಿಡಿಯದೆ, ಗಾಳಿ ಸ್ವಲ್ಪ ಹೊರಡುತ್ತಿದ್ದ ಹಾಗೆ ಮೆಲ್ಲಗೆ ದನಿ ಸೇರಿಸಬೇಕು. "ಪ್ರ"ಕ್ಕೆ ಎರಡು ತುಟಿಗಳು ತಾಗಿದರೆ ಸಾಕು, ಒತ್ತಬಾರದು. ತುಟಿ ಬೆಳ್ಳಗಾಗುವಷ್ಟು ಬಿಗಿಯುತ್ತಿದ್ದರೆ ಒತ್ತುತ್ತಿದ್ದೀರಿ ಎಂದರ್ಥ. ಕನ್ನಡಿಯ ಮುಂದೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ತಾಗಿಸಿದ ತುಟಿಯನ್ನು ಬಿಡುತ್ತ ಮುಂದಿನ ಅಕಾರದ ಕಡೆಗೆ ನಿಧಾನವಾಗಿ ಜಾರಬೇಕು: "ಪ್ರಅಕಾಶ್". ಎಳೆತ ಅರ್ಧ ಸೆಕೆಂಡೂ ಬೇಡ.

ಇಷ್ಟೆಲ್ಲ ಮಾಡಿಯೂ ಮಾತು ತಡೆದರೆ? ತಡೆಯುತ್ತದೆ, ಕೆಲವು ದಿನ. ಆಗ ಬಲವಂತವಾಗಿ ನೂಕುವುದು, ತಲೆ ಅಲುಗಿಸುವುದು, "ನನ್ನ ಹೆಸರು, ನನ್ನ ಹೆಸರು" ಎಂದು ಹಿಂದಿನಿಂದ ಓಡಿಬಂದು ಹಾರಲು ನೋಡುವುದು, ಇವು ಮೂರೂ ಬಿಗಿತವನ್ನು ಹೆಚ್ಚಿಸುತ್ತವೆ. ಸಿಕ್ಕಿಕೊಂಡ ಜಾಗದಲ್ಲೇ ನಿಂತು, ತುಟಿಯ ಬಿಗಿ ಸಡಿಲಿಸಿ, ಆ ಅಕ್ಷರವನ್ನೇ ಎಳೆಯುತ್ತ ಹೊರಗೆ ಬರಬೇಕು. ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ರೂಪಿಸಿದ ಕ್ರಮ ಇದು. ಅವರಿಗೂ ತೀವ್ರವಾದ ಉಗ್ಗು ಇತ್ತು. ಉಗ್ಗದೇ ಇರುವುದನ್ನಲ್ಲ, ಕಷ್ಟಪಡದೆ ಉಗ್ಗುವುದನ್ನು ಅವರು ಕಲಿಸಿದರು.

ಪದ ತಪ್ಪಿಸುವ ಉಪಾಯಕ್ಕೆ ಒಂದು ಮಿತಿ ಇದೆ, ಅದನ್ನು ಇಲ್ಲಿ ಹೇಳಲೇಬೇಕು. ಹೋಟೆಲಿನಲ್ಲಿ ಮಸಾಲೆ ದೋಸೆ ಬೇಕೆನಿಸಿದರೂ "ಮ" ತಡೆಯುತ್ತದೆಂದು ಇಡ್ಲಿ ಹೇಳಿ ತಿಂದು ಬರುವವರಿದ್ದಾರೆ. ಹೆಸರು ಕೇಳಿದರೆ ಬಾಯಿಗೆ ಸುಲಭವಾದ ಬೇರೆ ಹೆಸರು ಹೇಳಿಬಿಡುವವರೂ ಇದ್ದಾರೆ. ಹೊರಗಿನವರಿಗೆ ಇವರ ಮಾತು ಸರಾಗ. ಒಳಗೆ ದಿನವಿಡೀ ಪದಗಳನ್ನು ಸೋಸುವ ದುಡಿಮೆ ನಡೆದೇ ಇರುತ್ತದೆ. ತಪ್ಪಿಸಿಕೊಂಡ ಪ್ರತಿ ಸಲವೂ ಆ ಪದದ ಭಯ ಇನ್ನಷ್ಟು ಗಟ್ಟಿಯಾಗುತ್ತದೆ, ಇವತ್ತು ಸುಲಭವಾಗಿದ್ದ ಬದಲಿ ಪದ ನಾಳೆ ತಾನೇ ತಡೆಯತೊಡಗುತ್ತದೆ. "ಅಂದರೆ", "ಏನಪ್ಪಾ ಅಂದ್ರೆ" ಎಂಬ ಊರುಗೋಲು ಪದಗಳ ಪಾಡೂ ಇದೇ. ಮೊದಲು ದಾರಿ ಬಿಡಿಸುತ್ತವೆ, ಆಮೇಲೆ ಅವೇ ಮೂರು ನಾಲ್ಕು ಸಲ ಬಂದು ನಿಲ್ಲುತ್ತವೆ. ಆದ್ದರಿಂದ ಸಂದರ್ಶನದ ದಿನದ ಮಟ್ಟಿಗೆ ವಾಕ್ಯ ಜೋಡಣೆ ಬದಲಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಸತ್ಯ ಬದಲಾಗುವ ಹಾಗಿದ್ದರೆ, ಕಡೂರಿನವನು ತರೀಕೆರೆಯವನಾಗಬೇಕಾದರೆ, ಅಲ್ಲಿಗೆ ನಿಲ್ಲಿಸಬೇಕು.

ಅದಕ್ಕಿಂತ ಹಗುರವಾದ ದಾರಿಯೊಂದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಮೊದಲೇ ಹೇಳಿಬಿಡುವುದು: "ನಮಸ್ಕಾರ. ನನಗೆ ಸ್ವಲ್ಪ ಉಗ್ಗು ಇದೆ. ಒಂದೆರಡು ಕಡೆ ಮಾತು ತಡೆಯಬಹುದು, ಪೂರ್ತಿ ಮಾಡುತ್ತೇನೆ." ಕ್ಷಮೆ ಕೇಳುವ ದನಿ ಬೇಡ. ಮುಚ್ಚಿಡುವ ಹೊರೆ ಇಳಿಯುತ್ತದೆ, ಹಾಗಾಗಿ ಅನೇಕರಿಗೆ ಮುಂದಿನ ಮಾತು ಸಡಿಲವಾಗುತ್ತದೆ. ಕೇಳುವವರಿಗೂ ಮುಖ ಎತ್ತ ತಿರುಗಿಸಲಿ ಎಂಬ ಮುಜುಗರ ತಪ್ಪುತ್ತದೆ.

ಅಭ್ಯಾಸದ ಬಗ್ಗೆ ಒಂದು ಮಾತು. ಕೋಣೆಯಲ್ಲಿ ಒಬ್ಬರೇ ಇದ್ದಾಗ ಉಗ್ಗುವವರು ಬಹುತೇಕ ಉಗ್ಗುವುದೇ ಇಲ್ಲ. ಹಾಗಾಗಿ ಅಲ್ಲಿ ಹತ್ತಾರು ಸಲ ಹೇಳಿಕೊಂಡು ಬಂದದ್ದು ಸಂದರ್ಶನದಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ. ಪಾಠದ ಹಾಗೆ ಉರು ಹೊಡೆದ ಪರಿಚಯಕ್ಕೆ ಇನ್ನೊಂದು ತೊಂದರೆ, ಒಂದು ಪದ ತಡೆದರೆ ಪಕ್ಕದ ದಾರಿಯೇ ಇರುವುದಿಲ್ಲ. ಹೆಸರು, ಊರು, ಓದು, ಮನೆ ಎಂಬ ನಾಲ್ಕು ಗುರುತುಗಳು ತಲೆಯಲ್ಲಿದ್ದರೆ ಸಾಕು, ಪ್ರತಿಯೊಂದನ್ನೂ ಎರಡು ಬಗೆಯಲ್ಲಿ ಹೇಳಿ ಅಭ್ಯಾಸವಿರಲಿ. ಆಮೇಲೆ ಜನರ ಮುಂದೆ ಹೇಳಬೇಕು. ಮೊದಲು ತಂಗಿಯ ಮುಂದೆ, ಆಮೇಲೆ ಇಬ್ಬರು ಗೆಳೆಯರ ಮುಂದೆ, ಆಮೇಲೆ ಕೊರಿಯರ್ ಆಫೀಸಿನ ಕಿಟಕಿಯಲ್ಲಿ ಅಥವಾ ಕಸ್ಟಮರ್ ಕೇರ್ ಫೋನಿನಲ್ಲಿ, ಹೆಸರು ಕೇಳಿದಾಗೆಲ್ಲ ಸ್ವಂತ ಹೆಸರನ್ನೇ.

ಇದನ್ನು ಸರಿಯಾಗಿ ಕಲಿಯಲು ನುರಿತ ಸ್ಪೀಚ್ ಥೆರಪಿಸ್ಟ್ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ, ಕನ್ನಡದಲ್ಲೇ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಾಕ್ ಚಿಕಿತ್ಸೆಯ ವಿಭಾಗವಿದೆ.

ಸಂದರ್ಶನ ಮಾಡುವ ಮೇಜಿನ ಆ ಕಡೆ ಕೂರುವವರಲ್ಲಿ ಒಂದು ಕೋರಿಕೆ. ಅಭ್ಯರ್ಥಿಯ ಹೆಸರು ನಿಮ್ಮ ಮುಂದಿನ ಕಾಗದದಲ್ಲೇ ಇರುತ್ತದೆ. ಆದರೂ ಅವನು ತಡವರಿಸಿದಾಗ ಅದನ್ನು ನೀವು ಓದಿ ಹೇಳಬೇಡಿ, "ಗಾಬರಿ ಬೇಡ" ಎಂದೂ ಅನ್ನಬೇಡಿ. ಮುಖ ನೋಡುತ್ತ ಕೆಲವು ಸೆಕೆಂಡು ಸುಮ್ಮನಿದ್ದುಬಿಡಿ, ಅವನೇ ಹೇಳಿ ಮುಗಿಸುತ್ತಾನೆ.