ಕೂಗಿಗೆ ಬೆದರಿದ ಡಿಸ್ಕುಗಳು

ಒಂದು ಚಿಕ್ಕ ವಿಡಿಯೋ ತಜ್ಞನೊಬ್ಬನ ಹೆಸರನ್ನು ಲೋಕಕ್ಕೆ ಪರಿಚಯಿಸಬಲ್ಲುದೆ? ಬ್ರೆಂಡನ್ ಗ್ರೆಗ್ ಅವರ ನಿದರ್ಶನವನ್ನು ನೋಡೋಣ. ಕಂಪ್ಯೂಟರುಗಳು ಏಕೆ ನಿಧಾನಿಸುತ್ತವೆಂಬುದನ್ನು ಪತ್ತೆಹಚ್ಚುವುದು ಅವರ ಕ್ಷೇತ್ರ. 2008ರ ವಿಡಿಯೋ ಒಂದರಲ್ಲಿ ಅವರು, ಕೆಲಸ ಮಾಡುತ್ತಿದ್ದ ಹಾರ್ಡ್ ಡಿಸ್ಕುಗಳ ಸಾಲಿನೆದುರು ನಿಂತು ಗಟ್ಟಿಯಾಗಿ ಕೂಗಿದರು. ಡಿಸ್ಕುಗಳು ಉತ್ತರಿಸಲು ತೆಗೆದುಕೊಳ್ಳುವ ಕಾಲವು ಆ ಕ್ಷಣದಲ್ಲೇ ಏರಿದುದು ಪರದೆಯ ನಕ್ಷೆಯಲ್ಲಿ ಕಾಣಿಸಿತು.

ಇದಕ್ಕೆ ಕಾರಣವೇನು? ಡಿಸ್ಕಿನ ಓದುತಲೆಯು ಕೂದಲೆಳೆಗಿಂತಲೂ ಬಹಳ ಕಿರಿದಾದ ಪಥದ ಮೇಲೆ ನಿಲ್ಲಬೇಕು. ದನಿಯ ಕಂಪನವು ಅದನ್ನು ಕದಲಿಸುತ್ತದೆ. ಅದು ಮರಳಿ ನೆಲೆಗೊಳ್ಳುವವರೆಗೆ ಕೆಲಸವು ಕಾಯಬೇಕಾಗುತ್ತದೆ.

ಆ ವಿಡಿಯೋವನ್ನು ಜನರು ಬೆರಗಿನಿಂದ ನೋಡಿದರು. ಗ್ರೆಗ್ ಅವರ ಹೆಸರು ಹಬ್ಬಿತು. ಅದರಲ್ಲಿದ್ದುದು ಒಂದು ಪ್ರಯೋಗ, ಕಣ್ಣಿಗೆ ಕಾಣುವ ಒಂದು ಅಳತೆ, ಅಷ್ಟೆ. ಆದರೆ ಆ ಅಳತೆಯಿಲ್ಲದಿದ್ದರೆ ನಮಗೆ ಕೇಳಿಸುತ್ತಿದ್ದುದು ಬರಿಯ ಕೂಗು.